ವೃದ್ಧಾಪ್ಯ, ರೋಗನಿರೋಧಕ ವ್ಯವಸ್ಥೆ ಮತ್ತು ಫ್ಲೂ ಲಸಿಕೆ

ರೋಗನಿರೋಧಕ ವ್ಯವಸ್ಥೆಯ ಮುಪ್ಪು ಅಥವಾ ಇಮ್ಯುನೋಸೆನೆಸೆನ್ಸ್ ಎಂದರೆ ವಯಸ್ಸಾದಂತೆ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ ನಿಧಾನವಾಗಿ ಉಂಟಾಗುವ ಬದಲಾವಣೆಗಳ ಸಮೂಹ. ಇದರ ಫಲವಾಗಿ ವೃದ್ಧರ ದೇಹವು ಹೊಸ ಸೋಂಕುಗಳನ್ನು ಎದುರಿಸುವಲ್ಲಿ ಹಿಂದೆ ಬೀಳುತ್ತದೆ. ಲಸಿಕೆಗಳಿಗೂ ತರುಣರ ದೇಹದಷ್ಟು ಬಲವಾಗಿ ಪ್ರತಿಕ್ರಿಯಿಸುವುದಿಲ್ಲ. ಈ ದೌರ್ಬಲ್ಯವು ಹೆಚ್ಚು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಋತುಮಾನದ ಇನ್‌ಫ್ಲುಯೆಂಜಾ ಅಥವಾ ಫ್ಲೂ ಜ್ವರದ ಲಸಿಕೆಯಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಅಂದಾಜಿನಂತೆ ಅಲ್ಲಿ ಫ್ಲೂ ಸಂಬಂಧಿತ ಸಾವುಗಳಲ್ಲಿ ಶೇ. 70ರಿಂದ 85ರಷ್ಟು 65 ವರ್ಷ ಮೀರಿದವರಲ್ಲಿ ಸಂಭವಿಸುತ್ತವೆ. ಹೀಗೆ ಲಸಿಕೆಯ ಅಗತ್ಯ ಅತ್ಯಂತ ಹೆಚ್ಚಾಗಿರುವ ಗುಂಪಿನಲ್ಲಿಯೇ ಅದರ ಪರಿಣಾಮ ಕಡಿಮೆಯಾಗಿರುತ್ತದೆ. ವೃದ್ಧರಿಗಾಗಿ ಹೆಚ್ಚಿನ ಪ್ರಮಾಣದ ಲಸಿಕೆ, ಸಹಾಯಕ ದ್ರವ್ಯ ಸೇರಿಸಿದ ಲಸಿಕೆ, ಲಸಿಕೆ ನೀಡುವ ಕಾಲದ ಆಯ್ಕೆ ಹಾಗೂ ಸುತ್ತಲಿನವರಿಗೆ ಲಸಿಕೆ ಹಾಕುವ ಕ್ರಮಗಳು ಈ ಸಮಸ್ಯೆಯಿಂದಲೇ ರೂಪುಗೊಂಡಿವೆ.

## ಲಸಿಕೆಗೆ ದೇಹದ ಸಾಮಾನ್ಯ ಪ್ರತಿಕ್ರಿಯೆ

ಫ್ಲೂ ವೈರಾಣುವಿನ ಹೊರಮೈಯಲ್ಲಿ ಹೀಮಗ್ಲುಟಿನಿನ್ ಎಂಬ ಪ್ರೋಟೀನು ಇರುತ್ತದೆ. ಇದರ ನೆರವಿನಿಂದಲೇ ವೈರಾಣು ಶ್ವಾಸನಾಳದ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಚುಚ್ಚುಮದ್ದಿನ ರೂಪದಲ್ಲಿ ನೀಡುವ ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಪ್ರತಿಯೊಂದು ತಳಿಗೆ 15 ಮೈಕ್ರೋಗ್ರಾಂನಷ್ಟು ಈ ಪ್ರೋಟೀನು ಇರುತ್ತದೆ.

ಲಸಿಕೆಯನ್ನು ತೋಳಿನ ಸ್ನಾಯುವಿಗೆ ಚುಚ್ಚಿದಾಗ ಅಲ್ಲಿಗೆ ಬರುವ ಡೆಂಡ್ರಿಟಿಕ್ ಕೋಶಗಳು ಪ್ರೋಟೀನನ್ನು ಹಿಡಿದು, ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಸಹಾಯಕ ಟಿ ಜೀವಕೋಶಗಳು ಅದನ್ನು ಗುರುತಿಸಿ ಬಿ ಜೀವಕೋಶಗಳನ್ನು ಪ್ರಚೋದಿಸುತ್ತವೆ. ಪ್ರಚೋದನೆಗೊಂಡ ಬಿ ಜೀವಕೋಶಗಳು ಗ್ರಂಥಿಯೊಳಗೆ ಜರ್ಮಿನಲ್ ಕೇಂದ್ರಗಳೆಂಬ ಗುಂಪುಗಳನ್ನು ಕಟ್ಟಿಕೊಂಡು, ತಮ್ಮ ಪ್ರತಿಕಾಯದ ವಂಶವಾಹಿಗಳಲ್ಲಿ ಸಣ್ಣ ಸಣ್ಣ ಬದಲಾವಣೆಗಳನ್ನು ಮಾಡಿಕೊಳ್ಳುತ್ತವೆ. ಆ ಬದಲಾವಣೆಗಳಿಂದ ವೈರಾಣುವಿಗೆ ಇನ್ನೂ ಗಟ್ಟಿಯಾಗಿ ಅಂಟಬಲ್ಲ ಪ್ರತಿಕಾಯ ದೊರೆತ ಜೀವಕೋಶಗಳು ಉಳಿದು ವೃದ್ಧಿಯಾಗುತ್ತವೆ, ಉಳಿದವು ಸಾಯುತ್ತವೆ. ಸುಮಾರು ಎರಡು ವಾರಗಳಲ್ಲಿ ರಕ್ತದಲ್ಲಿ ಸಾಕಷ್ಟು ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಜೊತೆಗೆ ಮುಂದಿನ ಸಲ ಅದೇ ವೈರಾಣು ಬಂದರೆ ಬೇಗನೆ ಎಚ್ಚರಗೊಳ್ಳಬಲ್ಲ ನೆನಪಿನ ಜೀವಕೋಶಗಳೂ ಉಳಿಯುತ್ತವೆ.

ವೃದ್ಧಾಪ್ಯದಲ್ಲಿ ಈ ಸರಪಳಿಯ ಯಾವುದೇ ಒಂದು ಕೊಂಡಿ ಪೂರ್ತಿಯಾಗಿ ಕಡಿದು ಹೋಗುವುದಿಲ್ಲ. ಬದಲಿಗೆ ಹಲವು ಕೊಂಡಿಗಳು ಸ್ವಲ್ಪ ಸ್ವಲ್ಪವಾಗಿ ಸಡಿಲಗೊಳ್ಳುತ್ತವೆ.

## ವಯಸ್ಸಾದಂತೆ ಆಗುವ ಬದಲಾವಣೆಗಳು

### ಹೊಸ ಟಿ ಜೀವಕೋಶಗಳ ಕೊರತೆ

ಟಿ ಜೀವಕೋಶಗಳು ಎದೆಗೂಡಿನ ಮುಂಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಈ ಗ್ರಂಥಿಯ ಕ್ರಿಯಾಶೀಲ ಭಾಗವು ಬಾಲ್ಯದಿಂದಲೇ ಕುಗ್ಗತೊಡಗುತ್ತದೆ. ನಡುವಯಸ್ಸಿನ ಹೊತ್ತಿಗೆ ಅದರ ಬಹುಪಾಲನ್ನು ಕೊಬ್ಬು ಆವರಿಸಿರುತ್ತದೆ. ಆದ್ದರಿಂದ ಇದುವರೆಗೆ ಯಾವ ರೋಗಾಣುವನ್ನೂ ಎದುರಿಸದ ಹೊಸ ಟಿ ಜೀವಕೋಶಗಳ ಪೂರೈಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ರಕ್ತದಲ್ಲಿ ಈಗಾಗಲೇ ಇರುವ ಹೊಸ ಜೀವಕೋಶಗಳು ವಿಭಜನೆಗೊಂಡು ಸಂಖ್ಯೆಯನ್ನು ಸ್ವಲ್ಪಮಟ್ಟಿಗೆ ಕಾಯ್ದುಕೊಳ್ಳುತ್ತವೆ. ಆದರೆ ಅವು ಇದ್ದ ಜೀವಕೋಶಗಳ ಪ್ರತಿಗಳಾಗಿರುವುದರಿಂದ ಹೊಸ ಬಗೆಯ ರೋಗಾಣುವನ್ನು ಗುರುತಿಸುವ ವೈವಿಧ್ಯ ಅವುಗಳಿಂದ ಹೆಚ್ಚುವುದಿಲ್ಲ.

ಇದೇ ಅವಧಿಯಲ್ಲಿ ನೆನಪಿನ ಟಿ ಜೀವಕೋಶಗಳ ಪಾಲು ಬೆಳೆಯುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣ ಸೈಟೊಮೆಗಾಲೋವೈರಸ್ ಎಂಬ ಸಾಮಾನ್ಯ ವೈರಾಣು. ಒಮ್ಮೆ ಸೋಂಕಿದ ಬಳಿಕ ಅದು ಆಯುಷ್ಯಪೂರ್ತಿ ದೇಹದಲ್ಲಿ ಅಡಗಿರುತ್ತದೆ. ಆರೋಗ್ಯವಂತರಲ್ಲಿ ಅದರಿಂದ ರೋಗಲಕ್ಷಣಗಳು ಕಾಣಿಸುವುದು ವಿರಳ. ಆದರೆ ಅದನ್ನು ಅಂಕೆಯಲ್ಲಿಡಲು ಮೀಸಲಾದ ಟಿ ಜೀವಕೋಶಗಳ ಸಂಖ್ಯೆ ದಶಕಗಳ ಕಾಲ ಏರುತ್ತಾ ಹೋಗುತ್ತದೆ.

### ಪ್ರತಿಕಾಯಗಳ ಗುಣಮಟ್ಟ

ವೃದ್ಧರ ದುಗ್ಧರಸ ಗ್ರಂಥಿಗಳಲ್ಲಿ ಜರ್ಮಿನಲ್ ಕೇಂದ್ರಗಳು ಚಿಕ್ಕದಾಗಿರುತ್ತವೆ, ಕಡಿಮೆ ಸಂಖ್ಯೆಯಲ್ಲಿರುತ್ತವೆ. ಅವುಗಳಿಗೆ ನೆರವಾಗಬೇಕಾದ ಸಹಾಯಕ ಟಿ ಜೀವಕೋಶಗಳು ದುರ್ಬಲ ಸಂಕೇತಗಳನ್ನು ಕಳುಹಿಸುತ್ತವೆ. ಪ್ರತಿಕಾಯದ ವಂಶವಾಹಿಯಲ್ಲಿ ಬದಲಾವಣೆಗಳನ್ನು ತರುವ ಎಐಡಿ ಎಂಬ ಕಿಣ್ವವೂ ವೃದ್ಧರ ಬಿ ಜೀವಕೋಶಗಳಲ್ಲಿ ಕಡಿಮೆ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತದೆ. ಹೀಗಾಗಿ ಲಸಿಕೆಯ ನಂತರ ಪ್ರತಿಕಾಯಗಳ ಪ್ರಮಾಣ ಕಡಿಮೆಯಾಗುವುದಷ್ಟೇ ಅಲ್ಲ, ಹೊಸ ತಳಿಗೆ ತಕ್ಕಂತೆ ಅವುಗಳನ್ನು ತಿದ್ದಿ ಹರಿತಗೊಳಿಸುವ ಕೆಲಸವೂ ಕುಂಠಿತಗೊಳ್ಳುತ್ತದೆ.

### ನಿರಂತರ ಮಂದ ಉರಿಯೂತ

ವೃದ್ಧರಲ್ಲಿ ಸೋಂಕು ಇಲ್ಲದಿದ್ದಾಗಲೂ ಇಂಟರ್‌ಲ್ಯೂಕಿನ್-6ರಂತಹ ಉರಿಯೂತ ಸೂಚಕಗಳು ರಕ್ತದಲ್ಲಿ ತುಸು ಏರಿದ ಮಟ್ಟದಲ್ಲಿರುತ್ತವೆ. ಇಟಲಿಯ ವಿಜ್ಞಾನಿ ಕ್ಲಾಡಿಯೋ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ಈ ಸ್ಥಿತಿಗೆ ಇನ್‌ಫ್ಲಮೇಜಿಂಗ್ ಎಂಬ ಹೆಸರನ್ನು ಕೊಟ್ಟರು. ಲಸಿಕೆ ಕೆಲಸ ಮಾಡಬೇಕಾದರೆ ಚುಚ್ಚಿದ ಜಾಗದಲ್ಲಿ ಅಲ್ಪಕಾಲದ, ಸ್ಪಷ್ಟವಾದ ಉರಿಯೂತ ಉಂಟಾಗಬೇಕು. ಅದೇ ರೋಗನಿರೋಧಕ ಜೀವಕೋಶಗಳಿಗೆ ಕರೆ. ಹಿನ್ನೆಲೆಯಲ್ಲಿ ಸದಾ ಮಂದ ಉರಿಯೂತವಿರುವ ದೇಹದಲ್ಲಿ ಆ ಕರೆ ಎದ್ದು ಕೇಳಿಸುವುದಿಲ್ಲ. ಮಧುಮೇಹ, ಹೃದ್ರೋಗ ಮತ್ತು ದೈಹಿಕ ನಿಶ್ಶಕ್ತಿ ಇರುವವರಲ್ಲಿ ಈ ತೊಂದರೆ ಇನ್ನಷ್ಟು ಹೆಚ್ಚು. ಈ ಕಾರಣಕ್ಕೆ ಒಂದೇ ವಯಸ್ಸಿನ ಇಬ್ಬರು ಒಂದೇ ಲಸಿಕೆಗೆ ಬಹಳ ಭಿನ್ನವಾಗಿ ಪ್ರತಿಕ್ರಿಯಿಸಬಹುದು.

## ಹಳೆಯ ನೆನಪು ಮತ್ತು 2009ರ ಸಾಂಕ್ರಾಮಿಕ

ಮೇಲಿನ ಬದಲಾವಣೆಗಳಿಂದ ವೃದ್ಧರ ರೋಗನಿರೋಧಕ ಶಕ್ತಿ ಎಲ್ಲ ರೀತಿಯಲ್ಲೂ ಕುಸಿಯುತ್ತದೆ ಎಂದು ತಿಳಿಯುವುದು ಸರಿಯಲ್ಲ. 2009ರಲ್ಲಿ ಎಚ್1ಎನ್1 ಫ್ಲೂ ಜಗತ್ತಿನಾದ್ಯಂತ ಹರಡಿದಾಗ ಸಾಮಾನ್ಯ ನಿರೀಕ್ಷೆಗೆ ವಿರುದ್ಧವಾದ ಚಿತ್ರ ಕಂಡುಬಂತು. ಮಕ್ಕಳು ಮತ್ತು ತರುಣರಲ್ಲಿ ಸೋಂಕು ಹೆಚ್ಚಾಗಿತ್ತು. 60 ವರ್ಷ ಮೀರಿದವರಲ್ಲಿ ಅದು ಗಮನಾರ್ಹವಾಗಿ ಕಡಿಮೆಯಿತ್ತು.

ಇದರ ವಿವರಣೆ 1957ಕ್ಕಿಂತ ಹಿಂದಿನ ಕಾಲದಲ್ಲಿದೆ. 1918ರಿಂದ 1957ರವರೆಗೆ ಮನುಷ್ಯರಲ್ಲಿ ಹರಡುತ್ತಿದ್ದ ಎ ಬಗೆಯ ಫ್ಲೂ ವೈರಾಣುಗಳು ಎಚ್1ಎನ್1 ಕುಲದವು. ಅವುಗಳ ಹಳೆಯ ತಳಿಗಳ ಹೀಮಗ್ಲುಟಿನಿನ್, 2009ರ ತಳಿಯ ಹೀಮಗ್ಲುಟಿನಿನ್‌ಗೆ ಸಾಕಷ್ಟು ಹೋಲುತ್ತಿತ್ತು. ಆ ಕಾಲದಲ್ಲಿ ಮಕ್ಕಳಾಗಿದ್ದವರ ದೇಹದಲ್ಲಿ ಅರ್ಧ ಶತಮಾನದ ನಂತರವೂ ನೆನಪಿನ ಬಿ ಜೀವಕೋಶಗಳು ಉಳಿದಿದ್ದವು.

ಇದರಿಂದ ವೃದ್ಧಾಪ್ಯದಲ್ಲಿ ಕುಗ್ಗುವುದು ಮುಖ್ಯವಾಗಿ ಹೊಸದನ್ನು ಕಲಿಯುವ ಸಾಮರ್ಥ್ಯವೆಂದೂ ಹಿಂದೆ ಕಲಿತದ್ದು ಬಹುಕಾಲ ಉಳಿಯಬಲ್ಲದೆಂದೂ ತಿಳಿದುಬರುತ್ತದೆ. ಫ್ಲೂ ವೈರಾಣು ಪ್ರತಿವರ್ಷ ತನ್ನ ರೂಪವನ್ನು ಅಷ್ಟಿಷ್ಟು ಬದಲಿಸಿಕೊಳ್ಳುವುದರಿಂದ, ಅದರ ಲಸಿಕೆಯು ದೇಹಕ್ಕೆ ಪ್ರತಿವರ್ಷ ಹೊಸ ಪಾಠವನ್ನು ಕಲಿಸಬೇಕಾಗುತ್ತದೆ. ಈ ವಿಷಯದಲ್ಲಿ ಎಚ್3ಎನ್2 ಉಪಬಗೆ ಹೆಚ್ಚು ತೊಂದರೆ ಕೊಡುತ್ತದೆ. ಅದು 1968ರಲ್ಲಷ್ಟೇ ಮನುಷ್ಯರಲ್ಲಿ ಹರಡತೊಡಗಿತು, ವೇಗವಾಗಿ ರೂಪಾಂತರಗೊಳ್ಳುತ್ತದೆ, ಮತ್ತು ಅದು ಪ್ರಬಲವಾಗಿರುವ ವರ್ಷಗಳಲ್ಲಿ ವೃದ್ಧರ ಆಸ್ಪತ್ರೆ ದಾಖಲಾತಿ ಮತ್ತು ಸಾವುಗಳು ಹೆಚ್ಚುತ್ತವೆ.

## ಪ್ರತಿಕ್ರಿಯೆಯನ್ನು ಅಳೆಯುವ ವಿಧಾನ

ಲಸಿಕೆಗೆ ದೇಹ ಹೇಗೆ ಪ್ರತಿಕ್ರಿಯಿಸಿತೆಂದು ತಿಳಿಯಲು ಹೀಮಗ್ಲುಟಿನೇಷನ್ ತಡೆ ಪರೀಕ್ಷೆಯನ್ನು ಬಳಸಲಾಗುತ್ತದೆ. ಫ್ಲೂ ವೈರಾಣುವನ್ನು ಕೋಳಿಯಂತಹ ಪ್ರಾಣಿಯ ಕೆಂಪು ರಕ್ತಕಣಗಳೊಡನೆ ಬೆರೆಸಿದರೆ ಅದು ಕಣಗಳನ್ನು ಒಂದಕ್ಕೊಂದು ಅಂಟಿಸಿ ಜಾಲದಂತೆ ಹರಡುತ್ತದೆ. ರೋಗಿಯ ರಕ್ತಸಾರದಲ್ಲಿ ಪ್ರತಿಕಾಯಗಳಿದ್ದರೆ ಅವು ವೈರಾಣುವನ್ನು ಮುಚ್ಚಿಬಿಡುತ್ತವೆ. ಆಗ ಕಣಗಳು ಅಂಟಿಕೊಳ್ಳದೆ ಗುಳಿಯ ತಳದಲ್ಲಿ ಗುಂಡಿಯಂತೆ ಕೂರುತ್ತವೆ. ರಕ್ತಸಾರವನ್ನು 1:10, 1:20, 1:40 ಹೀಗೆ ಇಮ್ಮಡಿಯಾಗಿ ತೆಳುಗೊಳಿಸುತ್ತಾ, ಎಷ್ಟು ತೆಳುವಾದರೂ ಈ ತಡೆ ಉಳಿಯುತ್ತದೆ ಎಂಬುದನ್ನು ನೋಡಲಾಗುತ್ತದೆ.

1972ರಲ್ಲಿ ಹಾಬ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಆಧಾರದ ಮೇಲೆ 1:40ರ ಮಟ್ಟವನ್ನು ಸುಮಾರು ಶೇ. 50ರಷ್ಟು ರಕ್ಷಣೆಯ ಗುರುತೆಂದು ಪರಿಗಣಿಸಲಾಗುತ್ತದೆ. ಲಸಿಕೆಯ ಮೊದಲು 1:10 ಇದ್ದವರ ಮಟ್ಟ ನಂತರ 1:40ಕ್ಕೆ ಏರಿದರೆ ಅದು ನಾಲ್ಕು ಪಟ್ಟು ಏರಿಕೆ. ಲಸಿಕೆ ಫಲಿಸಿತೆಂದು ಎಣಿಸಲಾಗುತ್ತದೆ.

ವೃದ್ಧರ ವಿಷಯದಲ್ಲಿ ಈ ಅಳತೆಗೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಹಲವು ವರ್ಷಗಳ ಸೋಂಕು ಮತ್ತು ಲಸಿಕೆಗಳಿಂದ ವೃದ್ಧರಲ್ಲಿ ಪ್ರತಿಕಾಯಗಳು ಮೊದಲೇ ಹೆಚ್ಚಿರಬಹುದು. 1:80ರಿಂದ 1:160ಕ್ಕೆ ಏರಿದ ವ್ಯಕ್ತಿಯ ಏರಿಕೆ ಕೇವಲ ಎರಡು ಪಟ್ಟು. ಲೆಕ್ಕದಲ್ಲಿ ಅದು ವಿಫಲ ಪ್ರತಿಕ್ರಿಯೆ, ಆದರೆ ಆ ವ್ಯಕ್ತಿಗೆ 1:40 ತಲುಪಿದವರಿಗಿಂತ ಹೆಚ್ಚು ಪ್ರತಿಕಾಯಗಳಿವೆ. ಎರಡನೆಯದಾಗಿ, 1:40ರ ಗಡಿ ನಿಗದಿಯಾದದ್ದು ವೃದ್ಧರಲ್ಲದ ಆರೋಗ್ಯವಂತ ವಯಸ್ಕರ ಮೇಲಿನ ಅಧ್ಯಯನದಿಂದ. ವೃದ್ಧರಲ್ಲಿ ಸೋಂಕು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವಲ್ಲಿ ಟಿ ಜೀವಕೋಶಗಳ ಪಾತ್ರವೂ ದೊಡ್ಡದು; ಪ್ರತಿಕಾಯ ಪರೀಕ್ಷೆ ಅದನ್ನು ಅಳೆಯುವುದೇ ಇಲ್ಲ. ಹಾಗಾಗಿ ಪ್ರತಿಕಾಯದ ಮಟ್ಟ ಸಾಕಷ್ಟಿದ್ದರೂ ಫ್ಲೂ ಬರುವ ವೃದ್ಧರಿದ್ದಾರೆ.

## ಲಸಿಕೆಯಿಂದ ಸಿಗುವ ನಿಜವಾದ ರಕ್ಷಣೆ

ವೃದ್ಧರಲ್ಲಿ ಹುಸಿಮದ್ದಿನೊಡನೆ ಹೋಲಿಸಿ ನಡೆಸಿದ ಪ್ರಯೋಗಗಳು ವಿರಳ. ಅವುಗಳಲ್ಲಿ ಪ್ರಮುಖವಾದದ್ದು ನೆದರ್ಲೆಂಡ್ಸ್‌ನಲ್ಲಿ 1991–92ರ ಫ್ಲೂ ಋತುವಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗ. 60 ವರ್ಷ ಮೀರಿದ 1,838 ಜನರಲ್ಲಿ ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಹುಸಿಮದ್ದು ನೀಡಲಾಯಿತು. ರಕ್ತಪರೀಕ್ಷೆಯಲ್ಲಿ ಸೋಂಕಿನ ಗುರುತು ಕಂಡುಬಂದವರು ಹುಸಿಮದ್ದಿನ ಗುಂಪಿನಲ್ಲಿ ಶೇ. 9, ಲಸಿಕೆಯ ಗುಂಪಿನಲ್ಲಿ ಶೇ. 4. ಒಟ್ಟಾರೆ ಸೋಂಕು ಅರ್ಧಕ್ಕೆ ಇಳಿದರೂ 70 ದಾಟಿದವರಲ್ಲಿ ಲಾಭ ಕಡಿಮೆಯಿರುವಂತೆ ತೋರಿತು.

ಆ ಬಳಿಕ ಹಲವು ದೇಶಗಳು ವೃದ್ಧರಿಗೆ ಲಸಿಕೆಯನ್ನು ಶಿಫಾರಸು ಮಾಡಿದ್ದರಿಂದ ಹುಸಿಮದ್ದು ಕೊಡುವುದು ನೈತಿಕವಾಗಿ ಕಷ್ಟವಾಯಿತು. ಆದ್ದರಿಂದ ಲಸಿಕೆ ಪಡೆದವರನ್ನು ಪಡೆಯದವರೊಡನೆ ಹೋಲಿಸುವ ವೀಕ್ಷಣಾ ಅಧ್ಯಯನಗಳು ಹೆಚ್ಚಾದವು. ಅವುಗಳಲ್ಲಿ ಕೆಲವು, ಲಸಿಕೆಯು ಚಳಿಗಾಲದ ಎಲ್ಲ ಕಾರಣಗಳ ಸಾವನ್ನೂ ಅರ್ಧದಷ್ಟು ಇಳಿಸುತ್ತದೆ ಎಂದು ಹೇಳಿದವು. 2005ರಲ್ಲಿ ಲೋನ್ ಸಿಮೊನ್ಸೆನ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಪ್ರಶ್ನಿಸಿದರು. ಅಮೆರಿಕದಲ್ಲಿ ಲಸಿಕೆ ಪಡೆಯುವ ವೃದ್ಧರ ಪ್ರಮಾಣ 1980ಕ್ಕೆ ಮೊದಲು ಸುಮಾರು ಶೇ. 15 ಇದ್ದದ್ದು 2001ರ ಹೊತ್ತಿಗೆ ಶೇ. 65ಕ್ಕೆ ಏರಿತ್ತು. ಆದರೂ ಫ್ಲೂ ಋತುವಿನ ಹೆಚ್ಚುವರಿ ಸಾವುಗಳು ಅದಕ್ಕೆ ತಕ್ಕಂತೆ ಇಳಿದಿರಲಿಲ್ಲ. ಚಳಿಗಾಲದ ಒಟ್ಟು ಸಾವುಗಳಲ್ಲಿ ಫ್ಲೂವಿನ ಪಾಲೇ ಶೇ. 10ಕ್ಕಿಂತ ಕಡಿಮೆಯಿರುವಾಗ, ಫ್ಲೂ ಲಸಿಕೆಯೊಂದು ಅರ್ಧದಷ್ಟು ಸಾವುಗಳನ್ನು ತಪ್ಪಿಸುವುದು ಸಾಧ್ಯವಿಲ್ಲ ಎಂಬುದು ಅವರ ವಾದವಾಗಿತ್ತು.

ದೋಷ ಎಲ್ಲಿದೆ ಎಂಬುದನ್ನು ಲೀಸಾ ಜ್ಯಾಕ್ಸನ್ ಮತ್ತು ಸಂಗಡಿಗರು 2006ರಲ್ಲಿ ಸರಳವಾದ ಉಪಾಯದಿಂದ ತೋರಿಸಿದರು. ಅವರು ಫ್ಲೂ ಹರಡಲು ಆರಂಭವಾಗುವ ಮುಂಚಿನ ತಿಂಗಳುಗಳ ಸಾವುಗಳನ್ನು ಎಣಿಸಿದರು. ಆ ಅವಧಿಯಲ್ಲಿ ಲಸಿಕೆಗೆ ತಡೆಯಲು ಫ್ಲೂವೇ ಇರುವುದಿಲ್ಲ. ಹಾಗಿದ್ದರೂ ಲಸಿಕೆ ಪಡೆದವರಲ್ಲಿ ಸಾವಿನ ಅಪಾಯ ಪಡೆಯದವರಿಗಿಂತ ಶೇ. 61ರಷ್ಟು ಕಡಿಮೆ ಕಂಡುಬಂತು. ಫ್ಲೂ ಹರಡಿದ್ದಾಗ ಈ ಅಂತರ ಇನ್ನೂ ಕಿರಿದಾಗಿತ್ತು. ಇದರ ಅರ್ಥವಿಷ್ಟೆ: ಹಾಸಿಗೆ ಹಿಡಿದವರು ಮತ್ತು ಕೊನೆಯ ದಿನಗಳಲ್ಲಿರುವವರು ಲಸಿಕೆ ಪಡೆಯಲು ಹೋಗುವುದು ಕಡಿಮೆ, ನಡೆದಾಡಬಲ್ಲ, ಸ್ವಲ್ಪ ಗಟ್ಟಿಮುಟ್ಟಾದ ವೃದ್ಧರೇ ಹೋಗುತ್ತಾರೆ. ಇದನ್ನು ಆರೋಗ್ಯವಂತ ಲಸಿಕೆದಾರರ ಪಕ್ಷಪಾತ ಎಂದು ಕರೆಯುತ್ತಾರೆ. ಈ ಅಧ್ಯಯನಗಳು ಲಸಿಕೆ ನಿಷ್ಪ್ರಯೋಜಕವೆಂದು ಸಾಬೀತು ಮಾಡಲಿಲ್ಲ. ಆದರೆ ಅದರ ಲಾಭ ಹಿಂದೆ ನಂಬಿದ್ದಕ್ಕಿಂತ ಸಾಧಾರಣವೆಂದೂ ವೃದ್ಧರಿಗೆ ಇನ್ನೂ ಉತ್ತಮವಾದ ಲಸಿಕೆ ಬೇಕೆಂದೂ ತೋರಿಸಿಕೊಟ್ಟವು.

## ವೃದ್ಧರಿಗಾಗಿ ರೂಪಿಸಿದ ಲಸಿಕೆಗಳು

ದುರ್ಬಲ ಪ್ರತಿಕ್ರಿಯೆಯನ್ನು ಬಲಪಡಿಸಲು ಮೂರು ಬಗೆಯ ಲಸಿಕೆಗಳು ಬಳಕೆಯಲ್ಲಿವೆ.

* ಸಹಾಯಕ ದ್ರವ್ಯ ಸೇರಿಸಿದ ಲಸಿಕೆ: ಸ್ಕ್ವಾಲೀನ್ ಎಂಬ ಎಣ್ಣೆಯ ಸೂಕ್ಷ್ಮ ಹನಿಗಳನ್ನು ನೀರಿನಲ್ಲಿ ಬೆರೆಸಿ ತಯಾರಿಸಿದ ಎಂಎಫ್59 ಎಂಬ ದ್ರವ್ಯವನ್ನು ಇದಕ್ಕೆ ಸೇರಿಸಲಾಗಿರುತ್ತದೆ. ಇದು ಚುಚ್ಚಿದ ಜಾಗಕ್ಕೆ ಹೆಚ್ಚು ಜೀವಕೋಶಗಳನ್ನು ಸೆಳೆದು, ಮಂದವಾಗಿರುವ ಆರಂಭಿಕ ಕರೆಯನ್ನು ಗಟ್ಟಿಗೊಳಿಸುತ್ತದೆ. ಇಟಲಿಯಲ್ಲಿ 1997ರಲ್ಲಿ ಮತ್ತು ಅಮೆರಿಕದಲ್ಲಿ 2015ರಲ್ಲಿ ಇದಕ್ಕೆ ಅನುಮತಿ ದೊರೆಯಿತು.
* ಹೆಚ್ಚಿನ ಪ್ರಮಾಣದ ಲಸಿಕೆ: ಇದರಲ್ಲಿ ಪ್ರತಿ ತಳಿಗೆ 60 ಮೈಕ್ರೋಗ್ರಾಂ, ಅಂದರೆ ಸಾಮಾನ್ಯ ಲಸಿಕೆಯ ನಾಲ್ಕು ಪಟ್ಟು ಹೀಮಗ್ಲುಟಿನಿನ್ ಇರುತ್ತದೆ. ಅಮೆರಿಕದಲ್ಲಿ 65 ವರ್ಷ ಮೀರಿದವರಿಗಾಗಿ 2009ರ ಡಿಸೆಂಬರಿನಲ್ಲಿ ಅನುಮತಿ ಪಡೆಯಿತು.
* ಪುನಸ್ಸಂಯೋಜಿತ ಲಸಿಕೆ: ಸಾಂಪ್ರದಾಯಿಕ ಲಸಿಕೆಗೆ ಬೇಕಾದ ವೈರಾಣುವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವಾಗ ಅದು ಮೊಟ್ಟೆಗೆ ಹೊಂದಿಕೊಳ್ಳಲು ರೂಪ ಬದಲಿಸುವ ಸಾಧ್ಯತೆಯಿದೆ. ಈ ಲಸಿಕೆಯಲ್ಲಿ ಮೊಟ್ಟೆಯನ್ನು ಬಳಸದೆ, ಕೀಟದ ಜೀವಕೋಶಗಳಲ್ಲಿ ಹೀಮಗ್ಲುಟಿನಿನ್ ಪ್ರೋಟೀನನ್ನಷ್ಟೇ ತಯಾರಿಸಲಾಗುತ್ತದೆ. ಪ್ರತಿ ತಳಿಗೆ 45 ಮೈಕ್ರೋಗ್ರಾಂ ಇರುತ್ತದೆ.

ಈ ಲಸಿಕೆಗಳಿಂದ ಚುಚ್ಚಿದ ಜಾಗದ ನೋವು, ಮೈಕೈ ನೋವುಗಳಂತಹ ತಾತ್ಕಾಲಿಕ ತೊಂದರೆಗಳು, ವಿಶೇಷವಾಗಿ ಮೊದಲ ಎರಡು ಬಗೆಗಳಲ್ಲಿ, ಸಾಮಾನ್ಯ ಲಸಿಕೆಗಿಂತ ಹೆಚ್ಚು. ಅಮೆರಿಕದ ಲಸಿಕಾ ಸಲಹಾ ಸಮಿತಿಯು 2022ರ ಜೂನ್‌ನಲ್ಲಿ, 65 ವರ್ಷ ಮೀರಿದವರಿಗೆ ಈ ಮೂರರಲ್ಲಿ ಒಂದನ್ನು ಆದ್ಯತೆಯಿಂದ ನೀಡಬೇಕೆಂದೂ ಅವು ಸಿಗದಿದ್ದಾಗ ವಯಸ್ಸಿಗೆ ತಕ್ಕ ಯಾವುದೇ ಫ್ಲೂ ಲಸಿಕೆಯನ್ನು ನೀಡಬಹುದೆಂದೂ ಶಿಫಾರಸು ಮಾಡಿತು.

### ಹೆಚ್ಚಿನ ಪ್ರಮಾಣದ ಲಸಿಕೆಯ ಪರೀಕ್ಷೆಗಳು

ಪ್ರತಿಕಾಯಗಳು ಹೆಚ್ಚಿದ ಮಾತ್ರಕ್ಕೆ ರೋಗ ಕಡಿಮೆಯಾಗುತ್ತದೆಯೇ ಎಂಬುದನ್ನು ತಿಳಿಯಲು ಅಮೆರಿಕ ಮತ್ತು ಕೆನಡಾದಲ್ಲಿ 2011ರಿಂದ 2013ರವರೆಗಿನ ಎರಡು ಫ್ಲೂ ಋತುಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. 65 ವರ್ಷ ಮೀರಿದ ಸುಮಾರು 32,000 ಜನರಿಗೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹೆಚ್ಚಿನ ಪ್ರಮಾಣದ ಲಸಿಕೆ ಅಥವಾ ಸಾಮಾನ್ಯ ಲಸಿಕೆ ನೀಡಲಾಯಿತು. ಪ್ರಯೋಗಾಲಯದಲ್ಲಿ ಖಚಿತಪಟ್ಟ ಫ್ಲೂ ಪ್ರಕರಣಗಳು ಸಾಮಾನ್ಯ ಲಸಿಕೆಯ ಗುಂಪಿನಲ್ಲಿ 301 (ಶೇ. 1.9), ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ 228 (ಶೇ. 1.4).

ಈ ಫಲಿತಾಂಶವನ್ನು ಎರಡು ರೀತಿಯಲ್ಲಿ ಓದಬಹುದು. ಸಾಮಾನ್ಯ ಲಸಿಕೆ ಪಡೆದೂ ಫ್ಲೂ ಬರಬಹುದಾಗಿದ್ದ ಪ್ರಕರಣಗಳಲ್ಲಿ ಸುಮಾರು ಕಾಲುಭಾಗ, ಅಂದರೆ ಶೇ. 24.2ರಷ್ಟು ತಪ್ಪಿದವು. ಆದರೆ ಸಂಖ್ಯೆಯ ಲೆಕ್ಕದಲ್ಲಿ ಪ್ರತಿ ಸಾವಿರ ಜನರಲ್ಲಿ 19ರ ಬದಲು 14 ಜನರಿಗೆ ಫ್ಲೂ ಬಂತು. ಹಾಗೆಂದರೆ ಒಂದು ಹೆಚ್ಚುವರಿ ಪ್ರಕರಣವನ್ನು ತಪ್ಪಿಸಲು ಸುಮಾರು 220 ಜನರಿಗೆ ಸಾಮಾನ್ಯ ಲಸಿಕೆಯ ಬದಲು ಈ ಲಸಿಕೆಯನ್ನು ಕೊಡಬೇಕಾಯಿತು. ಎರಡೂ ಸರಿಯಾದ ಲೆಕ್ಕಗಳೇ. ಮೊದಲನೆಯದು ಲಸಿಕೆಯ ಬಲವನ್ನೂ ಎರಡನೆಯದು ಆ ಬಲದಿಂದ ಸಮುದಾಯಕ್ಕೆ ದೊರೆಯುವ ಲಾಭವನ್ನೂ ಹೇಳುತ್ತದೆ.

ಗಂಭೀರ ಕಾಯಿಲೆಯ ಕುರಿತು ಡೆನ್ಮಾರ್ಕ್‌ನಲ್ಲಿ 2022ರಿಂದ 2025ರವರೆಗಿನ ಮೂರು ಋತುಗಳಲ್ಲಿ 3,32,438 ವೃದ್ಧರನ್ನು ಒಳಗೊಂಡ ಡ್ಯಾನ್‌ಫ್ಲೂ-2 ಪ್ರಯೋಗ ನಡೆಯಿತು. ಇದರ ಮುಖ್ಯ ಪ್ರಶ್ನೆ, ಫ್ಲೂ ಅಥವಾ ನ್ಯುಮೋನಿಯಾದಿಂದ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆಯೇ ಎಂಬುದು. ಆ ಪ್ರಮಾಣ ಸಾಮಾನ್ಯ ಲಸಿಕೆಯಲ್ಲಿ ಶೇ. 0.73, ಹೆಚ್ಚಿನ ಪ್ರಮಾಣದ ಲಸಿಕೆಯಲ್ಲಿ ಶೇ. 0.68, ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾಗಿರಲಿಲ್ಲ. ಆದರೆ ಖಚಿತಪಟ್ಟ ಫ್ಲೂವಿನಿಂದಲೇ ಆಸ್ಪತ್ರೆ ಸೇರಿದವರನ್ನು ಮಾತ್ರ ಎಣಿಸಿದಾಗ ಪ್ರತಿ ಹತ್ತು ಸಾವಿರಕ್ಕೆ 11 ಇದ್ದದ್ದು 6ಕ್ಕೆ ಇಳಿದಿತ್ತು. ವೃದ್ಧರಲ್ಲಿ ನ್ಯುಮೋನಿಯಾ ಬರಲು ಫ್ಲೂ ಅಲ್ಲದೆ ಇತರ ಅನೇಕ ಕಾರಣಗಳಿವೆ. ಫ್ಲೂ ಲಸಿಕೆಯು ಅವುಗಳನ್ನು ತಡೆಯಲಾರದು. ಹೀಗಾಗಿ ಎಲ್ಲವನ್ನೂ ಒಟ್ಟಿಗೆ ಎಣಿಸಿದಾಗ ಅದರ ಲಾಭ ಮಸುಕಾಗುತ್ತದೆ.

## ಲಸಿಕೆಯ ಕಾಲ

ಫ್ಲೂ ಲಸಿಕೆಯ ರಕ್ಷಣೆ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ. ವೃದ್ಧರಲ್ಲಿ ಪ್ರತಿಕಾಯಗಳ ಆರಂಭಿಕ ಮಟ್ಟವೇ ಕೆಳಗಿರುವುದರಿಂದ ಅದು ಸಾಕಾಗದ ಹಂತಕ್ಕೆ ಬೇಗ ಇಳಿಯುತ್ತದೆ. ತೀರ ಮೊದಲೇ ಲಸಿಕೆ ಹಾಕಿದರೆ ಋತುವಿನ ಕೊನೆಯಲ್ಲಿ ರಕ್ಷಣೆ ಉಳಿಯದಿರಬಹುದು. ತೀರ ತಡವಾದರೆ ಪ್ರತಿಕಾಯಗಳು ಬೆಳೆಯುವ ಮುನ್ನವೇ ಸೋಂಕು ತಗಲಬಹುದು. ಚಳಿಗಾಲದಲ್ಲಿ ಫ್ಲೂ ಹರಡುವ ಅಮೆರಿಕದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳು ಸೂಕ್ತವೆಂದೂ 65 ಮೀರಿದವರು ಸಾಧಾರಣವಾಗಿ ಜುಲೈ ಮತ್ತು ಆಗಸ್ಟ್‌ನಲ್ಲಿ ಲಸಿಕೆ ಪಡೆಯದಿರುವುದು ಒಳ್ಳೆಯದೆಂದೂ ಸಲಹೆ ನೀಡಲಾಗುತ್ತದೆ.

ಭಾರತದಲ್ಲಿ ಈ ಲೆಕ್ಕ ಬೇರೆಯಾಗುತ್ತದೆ. ದೇಶದ ಹಲವು ನಗರಗಳ ಕಣ್ಗಾವಲು ಮಾಹಿತಿಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೆಹಲಿ, ಪುಣೆ, ಕೋಲ್ಕತ್ತ ಮುಂತಾದ ಹೆಚ್ಚಿನ ನಗರಗಳಲ್ಲಿ ಫ್ಲೂ ಮುಂಗಾರಿನ ಜುಲೈ–ಸೆಪ್ಟೆಂಬರ್ ಅವಧಿಯಲ್ಲಿ ಏರುತ್ತದೆ. ಚೆನ್ನೈ ಮತ್ತು ವೆಲ್ಲೂರಿನಲ್ಲಿ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ, ಶ್ರೀನಗರದಲ್ಲಿ ಜನವರಿ–ಮಾರ್ಚ್ ಅವಧಿಯಲ್ಲಿ ಏರಿಕೆ ಕಂಡುಬರುತ್ತದೆ. ಮುಂಗಾರಿನಲ್ಲಿ ಫ್ಲೂ ಏರುವ ಊರಿನ ವೃದ್ಧರು ಪಾಶ್ಚಾತ್ಯ ದೇಶಗಳ ಕ್ರಮವನ್ನು ಅನುಸರಿಸಿ ಅಕ್ಟೋಬರಿನಲ್ಲಿ ಲಸಿಕೆ ಪಡೆದರೆ, ಮರುವರ್ಷದ ಮಳೆಗಾಲ ಬರುವಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿರುತ್ತದೆ. ಆದ್ದರಿಂದ ಅಂತಹ ಪ್ರದೇಶಗಳಲ್ಲಿ ಮಳೆಗಾಲಕ್ಕೆ ತುಸು ಮೊದಲು ಲಸಿಕೆ ನೀಡುವುದು ಸೂಕ್ತವೆಂದು ಆ ಅಧ್ಯಯನದ ಆಧಾರದಿಂದ ತಿಳಿಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯ ತಳಿಗಳನ್ನು ಉತ್ತರಾರ್ಧಗೋಳಕ್ಕೆ ಫೆಬ್ರವರಿಯಲ್ಲೂ ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರಿನಲ್ಲೂ ಪ್ರಕಟಿಸುತ್ತದೆ. ಮುಂಗಾರಿಗೆ ಮೊದಲು ದೊರೆಯಬಹುದಾದ ಹೊಸ ಲಸಿಕೆ ದಕ್ಷಿಣಾರ್ಧಗೋಳದ್ದು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲವಾದ್ದರಿಂದ ಹೆಚ್ಚಿನವರು ಅದನ್ನು ಸ್ವಂತ ಖರ್ಚಿನಲ್ಲಿ ಪಡೆಯಬೇಕಾಗುತ್ತದೆ.

## ಸುತ್ತಲಿನವರ ಮೂಲಕ ರಕ್ಷಣೆ

ವೃದ್ಧರ ದೇಹ ಲಸಿಕೆಗೆ ದುರ್ಬಲವಾಗಿ ಪ್ರತಿಕ್ರಿಯಿಸುವುದಾದರೆ, ಚೆನ್ನಾಗಿ ಪ್ರತಿಕ್ರಿಯಿಸುವವರಿಗೆ ಲಸಿಕೆ ಹಾಕಿ ವೈರಾಣು ವೃದ್ಧರನ್ನು ತಲುಪದಂತೆ ಮಾಡುವುದು ಇನ್ನೊಂದು ದಾರಿ. ಶಾಲಾ ಮಕ್ಕಳು ಫ್ಲೂ ಹರಡುವುದರಲ್ಲಿ ಮುಂದಿರುತ್ತಾರೆ.

ಜಪಾನಿನಲ್ಲಿ 1962ರಿಂದ 1987ರವರೆಗೆ ಶಾಲಾ ಮಕ್ಕಳಲ್ಲಿ ಹೆಚ್ಚಿನವರಿಗೆ ಫ್ಲೂ ಲಸಿಕೆ ಹಾಕಲಾಗುತ್ತಿತ್ತು. 1987ರಲ್ಲಿ ನಿಯಮವನ್ನು ಸಡಿಲಿಸಿ 1994ರಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ಚಳಿಗಾಲದ ಹೆಚ್ಚುವರಿ ಸಾವುಗಳು ಕಾರ್ಯಕ್ರಮ ನಡೆಯುತ್ತಿದ್ದಾಗ ಇಳಿದು, ಅದು ನಿಂತ ಮೇಲೆ ಮತ್ತೆ ಏರಿದವು ಎಂದು 2001ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಆ ಸಾವುಗಳಲ್ಲಿ ಹೆಚ್ಚಿನವು ವೃದ್ಧರವು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದಾಗ ಒಂದು ಸಾವು ತಪ್ಪುತ್ತಿತ್ತು ಎಂಬುದು ಅದರ ಲೇಖಕರ ಅಂದಾಜು. ಆದರೆ ಇದು ಕಾಲಾನುಕ್ರಮದ ಹೋಲಿಕೆ ಮಾತ್ರ. ಅದೇ ಅವಧಿಯಲ್ಲಿ ಬದಲಾದ ಇತರ ಸಂಗತಿಗಳ ಪ್ರಭಾವವನ್ನು ಅದರಿಂದ ಪೂರ್ತಿಯಾಗಿ ಬೇರ್ಪಡಿಸಲಾಗದು.

ಇದಕ್ಕಿಂತ ಗಟ್ಟಿಯಾದ ಪುರಾವೆ ಕೆನಡಾದ ಹಟರೈಟ್ ಸಮುದಾಯದಿಂದ ದೊರೆಯಿತು. ಇವರು ಹಳ್ಳಿಗಾಡಿನ ಪ್ರತ್ಯೇಕ ವಸಾಹತುಗಳಲ್ಲಿ ಕೂಡಿ ಬಾಳುವ ಕೃಷಿಕರು. 2008–09ರಲ್ಲಿ 49 ವಸಾಹತುಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದರಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆಯನ್ನೂ ಇನ್ನೊಂದರಲ್ಲಿ ಹೋಲಿಕೆಗಾಗಿ ಹೆಪಟೈಟಿಸ್ ಎ ಲಸಿಕೆಯನ್ನೂ ನೀಡಲಾಯಿತು. ಲಸಿಕೆ ಪಡೆಯದ ಉಳಿದ ನಿವಾಸಿಗಳಲ್ಲಿ ಖಚಿತಪಟ್ಟ ಫ್ಲೂ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 3.1, ಎರಡನೆಯದರಲ್ಲಿ ಶೇ. 7.6. ಮಕ್ಕಳ ತೋಳಿಗೆ ಚುಚ್ಚಿದ ಲಸಿಕೆ ಹಿರಿಯರನ್ನೂ ಕಾಪಾಡಿತ್ತು. ಬ್ರಿಟನ್ನಿನಲ್ಲಿ 2013ರಿಂದ ಹಂತಹಂತವಾಗಿ ಆರಂಭವಾದ ಮಕ್ಕಳ ಫ್ಲೂ ಲಸಿಕಾ ಕಾರ್ಯಕ್ರಮದ ಉದ್ದೇಶಗಳಲ್ಲಿ ಈ ಪರೋಕ್ಷ ರಕ್ಷಣೆಯೂ ಒಂದು.

## ಲಸಿಕೆಯ ನಂತರವೂ ಉಳಿಯುವ ಅಪಾಯ

ಯಾವ ಲಸಿಕೆಯೂ ಪೂರ್ಣ ರಕ್ಷಣೆ ನೀಡದಿರುವುದರಿಂದ, ಲಸಿಕೆ ಪಡೆದ ವೃದ್ಧರಲ್ಲಿಯೂ ಫ್ಲೂವನ್ನು ಬೇಗ ಗುರುತಿಸುವುದು ಚಿಕಿತ್ಸೆಯ ಭಾಗವಾಗಿದೆ. ಆದರೆ ರೋಗನಿರೋಧಕ ವ್ಯವಸ್ಥೆಯ ಅದೇ ದೌರ್ಬಲ್ಯ ರೋಗದ ಲಕ್ಷಣಗಳನ್ನೂ ಮರೆಮಾಡುತ್ತದೆ. ಜ್ವರವು ದೇಹದ ಪ್ರತಿಕ್ರಿಯೆಯಿಂದಲೇ ಬರುವಂಥದ್ದು. ಪ್ರತಿಕ್ರಿಯೆ ಮಂದವಾದಾಗ ಮೈ ಹೆಚ್ಚು ಬಿಸಿಯಾಗದಿರಬಹುದು. ಹಠಾತ್ತನೆ ಕಾಣಿಸಿಕೊಳ್ಳುವ ಗೊಂದಲ, ಊಟ ಸೇರದಿರುವುದು, ಎದ್ದು ನಡೆಯಲಾಗದಷ್ಟು ನಿತ್ರಾಣ, ಬೀಳುವುದು ಅಥವಾ ಇದ್ದ ಹೃದಯ–ಶ್ವಾಸಕೋಶದ ಕಾಯಿಲೆ ಉಲ್ಬಣಿಸುವುದು ಫ್ಲೂವಿನ ಮೊದಲ ಗುರುತಾಗಿರಬಹುದು.

ಒಸೆಲ್ಟಾಮಿವಿರ್‌ನಂತಹ ವೈರಾಣುನಿರೋಧಕ ಔಷಧಿಗಳು ಲಕ್ಷಣಗಳು ತೋರಿದ 48 ಗಂಟೆಗಳೊಳಗೆ ಆರಂಭಿಸಿದಾಗ ಹೆಚ್ಚು ಪ್ರಯೋಜನಕಾರಿ. ಆದ್ದರಿಂದ ಫ್ಲೂ ಹರಡಿರುವ ಕಾಲದಲ್ಲಿ 65 ಮೀರಿದವರಿಗೆ ಫ್ಲೂ ಇರಬಹುದೆಂಬ ಅನುಮಾನ ಬಂದರೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ವೈದ್ಯರು ಔಷಧಿ ಆರಂಭಿಸಬೇಕೆಂಬುದು ಸಿಡಿಸಿಯ ಸಲಹೆ. ಫ್ಲೂವಿನ ಬೆನ್ನಲ್ಲೇ ಬರಬಹುದಾದ ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನು ತಡೆಯಲು ನ್ಯುಮೊಕಾಕಲ್ ಲಸಿಕೆಯನ್ನು ಪ್ರತ್ಯೇಕವಾಗಿ ನೀಡಲಾಗುತ್ತದೆ.